ನಕ್ಷೆಯ ವರ್ಕ್‌ಶೀಟ್ ತಿದ್ದಿದ್ದೇನೆ, ಒಮ್ಮೆ ನೋಡಿ

ಚಳ್ಳಕೆರೆ
2 ಆಗಸ್ಟ್ 2024

ಅನುಪಮಾ ಮೇಡಂ, ನಮಸ್ಕಾರ.

ಕಳೆದ ತಿಂಗಳ ತರಬೇತಿಯಲ್ಲಿ ಊಟದ ಹೊತ್ತಿಗೆ ಹತ್ತನೇ ತರಗತಿಯ ನಕ್ಷೆಯ ವರ್ಕ್‌ಶೀಟ್ ತೋರಿಸಿದ್ದೆನಲ್ಲ, ಅದನ್ನು ಪೂರ್ತಿ ಬದಲಿಸಿದ್ದೇನೆ. ಇದರ ಜೊತೆ ಎರಡು ಪ್ರತಿ ಇಟ್ಟಿದ್ದೇನೆ. ಒಂದು ನಿಮಗೆ ಗೀಚಲು, ಇನ್ನೊಂದು ಜೆರಾಕ್ಸ್ ಮಾಡಿಸಲು. "ಹನ್ನೆರಡು ಲೆಕ್ಕಾನೂ ಒಂದೇ ಅಲ್ವಾ ಸರ್, ಅಂಕಿ ಮಾತ್ರ ಬೇರೆ" ಅಂದಿರಿ ಅವತ್ತು. ನಿಜ ಹೇಳಬೇಕೆಂದರೆ ಸ್ವಲ್ಪ ಬೇಜಾರಾಗಿತ್ತು. ಊರಿಗೆ ಬಂದು ಮಕ್ಕಳ ಹಾಳೆಗಳನ್ನು ಮತ್ತೆ ತೆಗೆದು ನೋಡಿದಾಗ, ನೀವು ಹೇಳಿದ್ದೇ ಕಡಿಮೆ ಅನ್ನಿಸಿತು.

ಹಳೆಯ ಹಾಳೆಯ ಮೊದಲ ಲೆಕ್ಕ x + y = 5. ಒಬ್ಬ ಹುಡುಗ ಕೋಷ್ಟಕ ಸರಿಯಾಗಿ ಬರೆದಿದ್ದ, ಗೆರೆಯೂ ಸರಿಯಾಗಿತ್ತು. ನಾನು ಪೂರ್ತಿ ಅಂಕ ಹಾಕಿದ್ದೆ. ಈ ಸಲ ಚುಕ್ಕೆಗಳ ಪಕ್ಕ ಅವನು ಬರೆದದ್ದನ್ನು ಓದಿದೆ. ಬಲಕ್ಕೆ 4, ಮೇಲಕ್ಕೆ 1 ಇರುವ ಚುಕ್ಕೆಯ ಪಕ್ಕ (1, 4) ಎಂದು ಬರೆದಿದ್ದ. ಎಲ್ಲ ಚುಕ್ಕೆಗಳೂ ಹಾಗೆಯೇ, x ಅನ್ನು ಮೇಲಕ್ಕೆ ಎಣಿಸಿದ್ದ. ಆದರೆ ಈ ಸಮೀಕರಣದಲ್ಲಿ x, y ಅದಲುಬದಲಾದರೂ ಅದೇ ಗೆರೆ ಬರುತ್ತದೆ. ತಪ್ಪು ಕಾಣುವುದೇ ಇಲ್ಲ!

ಅದಾದರೂ ಹೋಗಲಿ. ಮೂರನೇ ಲೆಕ್ಕ 2x + y = 6, 2x − y = 2. ಉತ್ತರ x = 2, y = 2. ಇದರಲ್ಲಿ ಅವನ ಎರಡು ಗೆರೆಗಳೂ ತಪ್ಪು. (0, 6) ಹೋಗಿ (6, 0) ಆಗಿದೆ, (3, 4) ಹೋಗಿ (4, 3) ಆಗಿದೆ. ಆದರೂ ಎರಡೂ ಕೂಡುವುದು (2, 2)ರಲ್ಲೇ, ಯಾಕೆಂದರೆ ಆ ಒಂದು ಬಿಂದು ತಿರುಗಿಸಿದರೂ ಅದೇ. ನಾನು ಉತ್ತರ ನೋಡಿ ರೈಟ್ ಹಾಕಿ ಮುಂದೆ ಹೋಗಿದ್ದೇನೆ. ಮೂವತ್ತನಾಲ್ಕು ಹಾಳೆ ಮತ್ತೆ ನೋಡಿದೆ. ಇನ್ನೂ ಐದು ಮಕ್ಕಳದ್ದು ಇದೇ ಕಥೆ. ಅವರಿಗೆ ನಕ್ಷೆ ಬರುತ್ತದೆ ಎಂದು ನಾನು ಒಂದು ತಿಂಗಳು ನಂಬಿಕೊಂಡಿದ್ದೆ. ನಕ್ಷೆಯ ಪ್ರಶ್ನೆಯನ್ನು ಪಾಸಿಂಗ್ ಪ್ಯಾಕೇಜ್‌ನಲ್ಲಿ ಸೇರಿಸಿ ಧೈರ್ಯವಾಗಿ ಕೂತಿರುತ್ತೇವಲ್ಲ, ಆ ಧೈರ್ಯ ಹೋಯಿತು.

ಹಾಗಾಗಿ ಹೊಸ ಹಾಳೆಯಲ್ಲಿ ಲೆಕ್ಕ ಆರೇ ಆರು. ಮೊದಲನೆಯದು 2x + y = 8, x − y = 1. ಉತ್ತರ (3, 2). ಅದಲುಬದಲು ಮಾಡಿದವರ ಗೆರೆಗಳು ಬಲಕ್ಕೆ 2, ಮೇಲಕ್ಕೆ 3 ಇರುವಲ್ಲಿ ಕೂಡುತ್ತವೆ, ನಕ್ಷೆ ನೋಡಿದ ಕೂಡಲೇ ಸಿಕ್ಕಿಬೀಳುತ್ತಾರೆ. ಕೆಳಗೆ ಒಂದು ಸಾಲು ಸೇರಿಸಿದ್ದೇನೆ: "ಸಿಕ್ಕ ಉತ್ತರವನ್ನು ಎರಡೂ ಸಮೀಕರಣಕ್ಕೆ ಹಾಕಿ ನೋಡು." ಆ ಬಿಂದುವನ್ನು (2, 3) ಎಂದು ಓದಿದವರು ಹಾಕಿದರೆ 2 − 3 = 1 ಆಗುವುದಿಲ್ಲ, ತಾವೇ ಹಿಂದೆ ಹೋಗಿ ಹುಡುಕುತ್ತಾರೆ. ಭಿನ್ನರಾಶಿ ಬರುವ ಲೆಕ್ಕಗಳನ್ನೆಲ್ಲ ತೆಗೆದೆ. ಹಳೆಯದರಲ್ಲಿ 3x + 2y = 7 ಇತ್ತು. x = 0 ಹಾಕಿದರೆ y = 3.5. ಅಲ್ಲಿ ಮಕ್ಕಳು ಒದ್ದಾಡಿದ್ದು ಭಾಗಾಕಾರದಲ್ಲಿ, ನಕ್ಷೆಯಲ್ಲಲ್ಲ.

ಎರಡನೆಯದು ನೀರಿನ ಟ್ಯಾಂಕು. 1000 ಲೀಟರಿನ ಟ್ಯಾಂಕಿನಲ್ಲಿ ಮೊದಲೇ 200 ಲೀಟರ್ ಇದೆ, ಮೋಟಾರು ನಿಮಿಷಕ್ಕೆ 20 ಲೀಟರ್ ತುಂಬುತ್ತದೆ. y = 20x + 200. ಎಷ್ಟು ನಿಮಿಷಕ್ಕೆ ತುಂಬುತ್ತದೆ ಎಂದು ಗೆರೆ ನೋಡಿ ಹೇಳಬೇಕು. ಉತ್ತರ 40. ಇಲ್ಲಿ ನನಗೆ ಅನುಮಾನ ಇರುವುದು ಪ್ರಮಾಣದ ಬಗ್ಗೆ. x-ಅಕ್ಷದಲ್ಲಿ 1 ಸೆಂ.ಮೀ.ಗೆ 5 ನಿಮಿಷ, y-ಅಕ್ಷದಲ್ಲಿ 1 ಸೆಂ.ಮೀ.ಗೆ 100 ಲೀಟರ್. ನಮ್ಮ ಮಕ್ಕಳಿಗೆ 1 ಸೆಂ.ಮೀ. ಅಂದರೆ 1 ಮಾನ ಎಂದೇ ಅಭ್ಯಾಸ. ಪ್ರಮಾಣವನ್ನು ನಾನೇ ಅಚ್ಚು ಹಾಕಿಕೊಟ್ಟಿದ್ದೇನೆ. ಅವರೇ ಆರಿಸಿಕೊಳ್ಳಲಿ ಎಂದು ಬಿಟ್ಟರೆ ಜಾಸ್ತಿ ಆಗುತ್ತದಾ? ಅಥವಾ ಇದನ್ನು ಎರಡನೆಯದಾಗಿ ಇಟ್ಟದ್ದೇ ತಪ್ಪಾ?

ಮೂರನೆಯದು ನನಗೆ ಇಷ್ಟವಾದ ಲೆಕ್ಕ. ಎರಡು ಜೆರಾಕ್ಸ್ ಅಂಗಡಿ. ಒಂದರಲ್ಲಿ ಪುಟಕ್ಕೆ 2 ರೂಪಾಯಿ. ಇನ್ನೊಂದರಲ್ಲಿ ಪುಟಕ್ಕೆ 1 ರೂಪಾಯಿ, ಬೈಂಡಿಂಗ್ ಬೇಕೋ ಬೇಡವೋ 20 ರೂಪಾಯಿ ಮೇಲೆ ಕೊಡಲೇಬೇಕು. y = 2x, y = x + 20. ಕೂಡುವುದು (20, 40)ರಲ್ಲಿ. 30 ಪುಟಕ್ಕೆ ಎಲ್ಲಿ ಲಾಭ, 10 ಪುಟಕ್ಕೆ ಎಲ್ಲಿ, 20 ಆದರೆ ಏನು ಮಾಡುತ್ತೀರಿ ಎಂದು ಕೇಳಿದ್ದೇನೆ. ನಮ್ಮ ಶಾಲೆಯಲ್ಲಿ ನಾಲ್ಕು ಮಕ್ಕಳಿಗೆ ಇದೊಂದನ್ನೇ ಕೊಟ್ಟು ನೋಡಿದೆ. ಒಬ್ಬಳು ಕೊನೆಯದಕ್ಕೆ "ಮನೆಗೆ ಹತ್ತಿರ ಇರೋ ಅಂಗಡಿಗೆ ಹೋಗ್ತೀನಿ" ಎಂದು ಬರೆದಳು. ಛೇದನ ಬಿಂದು ಅಂದರೆ ಏನು ಎಂದು ನಾನು ಇಷ್ಟು ವರ್ಷದಲ್ಲಿ ಅಷ್ಟು ಚೆನ್ನಾಗಿ ಹೇಳಿಲ್ಲ.

ನಾಲ್ಕನೆಯದರಲ್ಲಿ ತಪ್ಪಾಗಿ ಎಳೆದ ನಕ್ಷೆ ಇದೆ, ತಪ್ಪು ಹುಡುಕಬೇಕು. ಆ ಹುಡುಗನ ಹಾಳೆಯನ್ನೇ ಹೆಸರಿಲ್ಲದೆ ನಕಲು ಮಾಡಿದ್ದೇನೆ. ಐದನೆಯದು x + 2y = 6, 2x + 4y = 8. ಸಮಾಂತರ ಗೆರೆಗಳು. ಹಿಂದಿನ ವರ್ಷ ಇಂಥದ್ದೇ ಕೊಟ್ಟಾಗ ಒಬ್ಬ, ಗೆರೆಗಳು ಎಲ್ಲೋ ಮುಂದೆ ಕೂಡುತ್ತವೆ ಎಂದು ಇನ್ನೊಂದು ಗ್ರಾಫ್ ಹಾಳೆ ಗೋಂದು ಹಚ್ಚಿ ಅಂಟಿಸಿಕೊಂಡು ಬಂದಿದ್ದ. ಅವನಿಗೆ ಅಂಕ ಕಡಿಯಲು ಮನಸ್ಸಾಗಲಿಲ್ಲ.

ನಿದ್ದೆಗೆಡಿಸಿರುವುದು ಆರನೆಯದು. ಇಲ್ಲಿ ಗೆರೆ ಎಳೆದು ಕೊಟ್ಟಿದ್ದೇನೆ, (0, 3), (1, 5), (2, 7) ಮೂಲಕ ಹೋಗುತ್ತದೆ. ಸಮೀಕರಣ ಬರೆಯಬೇಕು. y = 2x + 3. ಇಳಿಜಾರಿನ ಸೂತ್ರ ನಾವು ಹೇಳಿಕೊಟ್ಟಿಲ್ಲ, ಹೇಳಿಕೊಡುವ ಉದ್ದೇಶವೂ ಇಲ್ಲ. "x ಒಂದು ಹೆಚ್ಚಾದರೆ y ಎಷ್ಟು ಹೆಚ್ಚುತ್ತದೆ?" ಎಂಬ ಸುಳಿವು ಕೊಟ್ಟಿದ್ದೇನೆ. ಟ್ಯಾಂಕಿನ ಲೆಕ್ಕ ಅರ್ಥವಾದವರಿಗೆ ಇದು ಹೊಳೆಯಬೇಕು: 3 ಮೊದಲೇ ಇದ್ದ ನೀರು, 2 ಮೋಟಾರು. ಹೊಳೆಯುತ್ತದಾ ಎಂಬುದೇ ಗೊತ್ತಿಲ್ಲ. ನಮ್ಮ ಸಹೋದ್ಯೋಗಿಯೊಬ್ಬರು "ಪರೀಕ್ಷೆಗೆ ಬರಲ್ಲ, ಸುಮ್ನೆ ಯಾಕೆ" ಅಂದರು. ನನಗೆ ತೆಗೆಯಲು ಇಷ್ಟವಿಲ್ಲ, ಆದರೆ ಮಕ್ಕಳು ಪೆನ್ಸಿಲ್ ಕೆಳಗಿಟ್ಟುಬಿಟ್ಟರೆ ಇಟ್ಟೂ ಪ್ರಯೋಜನವಿಲ್ಲ.

ನಿಮ್ಮಿಂದ ಆಗಬೇಕಾದ್ದು ಇಷ್ಟು. ನಿಮ್ಮ ತರಗತಿಯಲ್ಲಿ ಎಂಟು ಹತ್ತು ಮಕ್ಕಳಿಗೆ ಕೊಟ್ಟು ನೋಡಿ. ಜಾಣರನ್ನೇ ಆರಿಸಬೇಡಿ, ಹಿಂದಿನ ಬೆಂಚಿನವರೂ ಇರಲಿ. ಯಾವ ಲೆಕ್ಕಕ್ಕೆ ಎಷ್ಟು ನಿಮಿಷ ಹಿಡಿಯಿತು, ಎಲ್ಲಿ ನಿಂತರು ಎಂದು ಹಾಳೆಯ ಅಂಚಿನಲ್ಲಿ ಬರೆದರೆ ಸಾಕು. ಎರಡು ಪಿರಿಯಡ್‌ಗೆ ಮುಗಿಯುತ್ತದೆ ಎಂದು ನನ್ನ ಅಂದಾಜು. ನನ್ನ ಅಂದಾಜಿನ ಗತಿ ನಿಮಗೆ ಗೊತ್ತೇ ಇದೆ. ನಾಲ್ಕನೇ ಲೆಕ್ಕದ ನಕ್ಷೆಯ ಚೌಕಗಳು ಜೆರಾಕ್ಸ್‌ನಲ್ಲಿ ಮಾಸುತ್ತವೆ, ಸ್ವಲ್ಪ ಕಪ್ಪಾಗಿ ತೆಗೆಯಲು ಹೇಳಿ. ಅಂಗಡಿಯ ಲೆಕ್ಕದ ಮಾತುಗಳು ಉದ್ದವಾದವಾ, ಓದಲು ತಡವರಿಸುವ ಮಕ್ಕಳು ಅಲ್ಲೇ ಸೋಲುತ್ತಾರಾ ಎಂಬುದನ್ನೂ ನೋಡಿ. ಕನ್ನಡ ಓದಲು ಬಾರದೆ ಗಣಿತದಲ್ಲಿ ಫೇಲಾಗುವುದು ನನಗೆ ಬೇಡ.

ಕಷ್ಟ ಅನ್ನಿಸಿದರೆ ಕಷ್ಟ ಅಂತಲೇ ಬರೆಯಿರಿ. ಈ ಸಲ ಬೇಜಾರು ಮಾಡಿಕೊಳ್ಳುವುದಿಲ್ಲ. ಮಾಡಿಕೊಂಡರೂ ಎರಡು ದಿನ ಅಷ್ಟೇ. 16ನೇ ತಾರೀಕಿನ ಒಳಗೆ ಸಿಕ್ಕರೆ ತಿದ್ದಿ, ಆ ಮುಂದಿನ ವಾರ ಇಡೀ ತರಗತಿಗೆ ಕೊಡುತ್ತೇನೆ. ನಿಮ್ಮ ತ್ರಿಭುಜಗಳ ಹಾಳೆ ನನ್ನ ಹತ್ತಿರವೇ ಇದೆ, ಮುಂದಿನ ಸಭೆಗೆ ತರುತ್ತೇನೆ.

ಇಂತಿ,
ಮಂಜುನಾಥ