ಭಾನುವಾರ ಬೆಳಗ್ಗೆ ಪಾರ್ಕಿನಲ್ಲಿ ಹೇಳಲು: ಫೋನ್ ಪೇಮೆಂಟ್ ಮೋಸದ ಬಗ್ಗೆ ಐದು ನಿಮಿಷ

ಎಲ್ಲರಿಗೂ ನಮಸ್ಕಾರ. ವಾಕಿಂಗ್ ಮುಗಿಸಿ ಕಾಫಿಗೆ ಹೊರಟವರನ್ನು ತಡೆದು ನಿಲ್ಲಿಸಿದ್ದೇನೆ, ಬೈಕೋಬೇಡಿ. ಮೂವತ್ತು ವರ್ಷ ಬ್ಯಾಂಕ್ ಕೌಂಟರಿನಲ್ಲಿ ಕೂತವನು ನಾನು. ಆದರೂ ಹೋದ ತಿಂಗಳು ಟೋಪಿ ಹಾಕಿಸಿಕೊಳ್ಳುವುದರಲ್ಲಿದ್ದೆ.

ಮನೆಯ ಹಳೇ ಸೋಫಾ ಮಾರಲು ಆನ್‌ಲೈನಿನಲ್ಲಿ ಫೋಟೋ ಹಾಕಿದ್ದೆ. ಹತ್ತೇ ನಿಮಿಷಕ್ಕೆ ಫೋನ್ ಬಂತು. "ಎಂಟು ಸಾವಿರಕ್ಕೆ ಓಕೆ ಸಾರ್, ನೋಡೋದೂ ಬೇಡ, ಈಗಲೇ ದುಡ್ಡು ಹಾಕ್ತೀನಿ." ಬಸವನಗುಡಿಯಲ್ಲಿ ಚೌಕಾಸಿ ಮಾಡದ ಗಿರಾಕಿ! ಅಲ್ಲೇ ಅನುಮಾನ ಬರಬೇಕಿತ್ತು ಅಲ್ವಾ? ವಾಟ್ಸಾಪಿಗೆ ಕ್ಯೂಆರ್ ಕೋಡ್ ಕಳಿಸಿ, "ಸ್ಕ್ಯಾನ್ ಮಾಡಿ ಪಿನ್ ಹಾಕಿ, ದುಡ್ಡು ನಿಮ್ಮ ಅಕೌಂಟಿಗೆ ಬರುತ್ತೆ" ಅಂದ. ಹೆಂಡತಿಯ ಫೋನಿಗೆ ಅದನ್ನು ಕಳಿಸಿ, ನನ್ನ ಫೋನಿನಲ್ಲಿ ಸ್ಕ್ಯಾನ್ ಮಾಡಿದೆ. ಪಿನ್ನಿನ ಎರಡು ಅಂಕಿ ಒತ್ತಿದ್ದೆ. ಆಗ ಮೇಲಿನ ಸಾಲು ಕಣ್ಣಿಗೆ ಬಿತ್ತು. ಎಂಟು ಸಾವಿರ ಬರುವುದಲ್ಲ, ಹೋಗುವುದು!

ಯುಪಿಐ ಪಿನ್ ಬೇಕಾಗುವುದು ದುಡ್ಡು ಕೊಡಲು, ಇಲ್ಲವೇ ಬ್ಯಾಲೆನ್ಸ್ ನೋಡಲು. ತೆಗೆದುಕೊಳ್ಳಲು ಪಿನ್ನೂ ಬೇಡ, ಸ್ಕ್ಯಾನೂ ಬೇಡ. ಪಿನ್ ಕೇಳಿದ ಕೂಡಲೇ ಬೆರಳು ತೆಗೆದು, "ನಾನು ಕೊಡ್ತಿದ್ದೀನಾ?" ಅಂತ ಕೇಳಿಕೊಳ್ಳುವ ಅಭ್ಯಾಸ ಮಾಡಿಕೊಳ್ಳಿ. ನಾನಂತೂ ಈಗ ಜೋರಾಗಿಯೇ ಕೇಳಿಕೊಳ್ಳುತ್ತೇನೆ. ತರಕಾರಿ ಅಂಗಡಿಯವನು ನಗುತ್ತಾನೆ, ನಗಲಿ.

ಎರಡನೆಯದು ಹೆದರಿಸುವ ಮೆಸೇಜು. "ಬಿಲ್ ಕಟ್ಟಿಲ್ಲ, ಇವತ್ತು ರಾತ್ರಿ 9.30ಕ್ಕೆ ಕರೆಂಟ್ ಕಟ್." ಇಲ್ಲವೇ "ನಿಮ್ಮ ಗಾಡಿಗೆ ಟ್ರಾಫಿಕ್ ಫೈನ್ ಬಿದ್ದಿದೆ, ಫೈಲ್ ತೆರೆಯಿರಿ." ಹೆಸರಿನ ಕೊನೆಯಲ್ಲಿ .apk ಅಂತ ಇದ್ದರೆ ಅದು ರಸೀದಿಯಲ್ಲ, ಆ್ಯಪ್. ಅದನ್ನು ಹಾಕಿಕೊಂಡು ಕೇಳಿದ್ದಕ್ಕೆಲ್ಲ ಒಪ್ಪಿಗೆ ಕೊಟ್ಟರೆ ನಿಮ್ಮ ಓಟಿಪಿ ನಿಮಗಿಂತ ಮೊದಲು ಅವರು ಓದುತ್ತಾರೆ. ಮೆಸೇಜಿನಲ್ಲಿ ಬಂದ ಲಿಂಕು, ಫೈಲು, ನಂಬರು ಯಾವುದನ್ನೂ ಮುಟ್ಟಬೇಡಿ. ನಿಮಗೆ ಗೊತ್ತಿರುವ ದಾರಿಯಲ್ಲೇ ವಿಚಾರಿಸಿ. ಕರೆಂಟಿಗೆ ಬೆಸ್ಕಾಂನ 1912 ಇದೆ. ಫೈನ್ ಇದೆಯಾ ಅಂತ ಬೆಂಗಳೂರು ಒನ್ ಕೇಂದ್ರದಲ್ಲಿ ಕೇಳಿ. ಆ ಮೆಸೇಜಿಗೆ ಯಾವಾಗಲೂ ಅವಸರ. ನಮ್ಮ ಸರ್ಕಾರಿ ಆಫೀಸುಗಳಿಗೆ ಯಾವತ್ತು ಅಷ್ಟು ಅವಸರ ಇತ್ತು ಹೇಳಿ!

ಮೂರನೆಯದು ಅಂಗಡಿಯವರಿಗೆ. ಸಂಜೆ ರಶ್ಶಿನಲ್ಲಿ ಗಿರಾಕಿ ಫೋನ್ ತಿರುಗಿಸಿ ಹಸಿರು ಟಿಕ್ ತೋರಿಸಿ ಹೊರಟುಬಿಡುತ್ತಾನೆ. ಆ ಟಿಕ್ ತೋರಿಸುವ ನಕಲಿ ಆ್ಯಪ್‌ಗಳೇ ಇವೆ. ಇದಕ್ಕೆ ನಮ್ಮ ಗೇಟಿನ ಹೂವಿನಮ್ಮನೇ ಗುರು. ಯಾರು ಏನೇ ತೋರಿಸಲಿ, ಮೊಳ ಹಾಕಿದ ಮಲ್ಲಿಗೆಯನ್ನು ಕೈಯಲ್ಲೇ ಹಿಡಿದುಕೊಂಡು, ದುಡ್ಡು ಬಂತು ಅಂತ ಕೂಗುವ ಡಬ್ಬದ ಕಡೆ ತೋರಿಸಿ, "ಡಬ್ಬ ಮಾತಾಡ್ಲಿ ಸ್ವಾಮಿ" ಅನ್ನುತ್ತಾರೆ. ಡಬ್ಬ ಇಲ್ಲದವರು ನಿಮ್ಮದೇ ಫೋನಿನಲ್ಲಿ ಅಕೌಂಟ್ ನೋಡಿ, ಆಮೇಲೆ ಸಾಮಾನು ಕೊಡಿ.

ದುಡ್ಡು ಹೋಗಿಯೇಬಿಟ್ಟರೆ ನಾಚಿಕೆ ಪಡುತ್ತಾ ಕೂರಬೇಡಿ. ಆ ಕ್ಷಣವೇ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ. ಬೇಗ ಹೇಳಿದಷ್ಟೂ ದುಡ್ಡು ಮುಂದಕ್ಕೆ ಹೋಗದಂತೆ ತಡೆಯಬಹುದು. ಈಗಲೇ ಫೋನ್ ತೆಗೆದು ಆ ನಂಬರ್ ಸೇವ್ ಮಾಡಿಕೊಳ್ಳಿ, ಕಾಯುತ್ತೇನೆ. ಆಯಿತಾ? ಬನ್ನಿ, ಕಾಫಿಗೆ ಹೋಗೋಣ.