ಆ "ಬಫರಿಂಗ್" ಕಾಮೆಂಟ್ ಬರೆದೋನು ನಾನು, ಕ್ಷಮೆ ಕೇಳ್ತಿದೀನಿ

ಎಲ್ರಿಗೂ ನಮಸ್ಕಾರ. ಸೀಲಿಂಗ್ ಫ್ಯಾನ್ ಕೆಪಾಸಿಟರ್ ಬದಲಾಯಿಸೋ ವಿಡಿಯೋ ಕೆಳಗೆ "ನೆಟ್ ಸ್ಲೋನಾ ಇಲ್ಲ ಮನುಷ್ಯನೇ ಬಫರಿಂಗ್ ಆಗ್ತಿದಾನಾ" ಅಂತ ಬರೆದೋನು ನಾನೇ. ಅದು ಆ ವಿಡಿಯೋ ಮಾಡಿದವರ ಉಗ್ಗನ್ನ ಆಡ್ಕೊಂಡು ಬರೆದಿದ್ದು, ಬೇರೆ ಏನೋ ಅರ್ಥ ಇತ್ತು ಅಂತ ನಾನು ಹೇಳಲ್ಲ. ಬರೆಯುವಾಗ ಅವರಿಗೆ ಉಗ್ಗು ಇದೆ ಅಂತ ಗೊತ್ತಾಗಿತ್ತು, ಗೊತ್ತಾಗಿಯೇ ನಗು ಬರಲಿ ಅಂತ ಬರೆದೆ. ತಪ್ಪಾಯ್ತು, ಕ್ಷಮಿಸಿ.

ಮೊದಲು ವಿಡಿಯೋ ಮಾಡಿದ ಬ್ರದರ್‌ಗೆ. ನಿಮಗೆ ಪರ್ಸನಲ್ ಆಗಿಯೂ ಮೆಸೇಜ್ ಮಾಡಿದೀನಿ, ಅದಕ್ಕೆ ಉತ್ತರ ಕೊಡಲೇಬೇಕು ಅಂತೇನಿಲ್ಲ. ಎಲ್ಲರ ಮುಂದೆ ಆಡ್ಕೊಂಡಿದ್ದು, ಹಾಗಾಗಿ ಎಲ್ಲರ ಮುಂದೆಯೇ ಕೇಳ್ಬೇಕು ಅಂತ ಇಲ್ಲೂ ಬರೀತಿದೀನಿ. ನಿನ್ನೆ ನಿಮ್ಮ ವಿಡಿಯೋನ ಪೂರ್ತಿ ಕೂತು ನೋಡಿದೆ, ಮೊದಲ ಸಲ ಅರ್ಧಕ್ಕೇ ಬಿಟ್ಟು ಬರೆದಿದ್ದೆ ನಾನು, ಅದೂ ಒಂದು ಇರಲಿ. ಮೇನ್ ಸ್ವಿಚ್ ಆಫ್ ಮಾಡಿ, ಹಳೇ ಕೆಪಾಸಿಟರ್ ವೈರ್ ಮುಟ್ಟೋಕೆ ಮುಂಚೆ ಅದರಲ್ಲಿ ಚಾರ್ಜ್ ಉಳಿದಿರಬಹುದು, ಡಿಸ್ಚಾರ್ಜ್ ಮಾಡ್ಕೊಳ್ಳಿ ಅಂತ ಹೇಳೋ ಜಾಗ ಇದೆಯಲ್ಲ, ಅಲ್ಲಿ "ಕೆ" ಹತ್ರ ಮಾತು ನಿಂತೋಗುತ್ತೆ, ನೀವು ಸ್ಕ್ರೂಡ್ರೈವರ್ ಕೈಯಲ್ಲೇ ಹಿಡಿದು ಕಣ್ಣು ಮುಚ್ಕೊಂಡು ಕಾಯ್ತೀರ, ಆಮೇಲೆ ಪದ ಪೂರ್ತಿ ಬರುತ್ತೆ, ನೀವು ಮುಂದಕ್ಕೆ ಹೋಗ್ತೀರ. ನಾನು ಬರೆದಿದ್ದು ಆ ಜಾಗ ನೋಡಿನೇ. ಆ ವಿಡಿಯೋದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಮಾತು ಅದು, ಕೇಳದೆ ಕೈ ಹಾಕಿದೋರಿಗೆ ಶಾಕ್ ಹೊಡೆಯೋ ಮಾತು, ನನಗೆ ಕೇಳಿಸಿದ್ದು ಬರೀ ಉಗ್ಗು.

ಕೆಳಗೆ ಒಬ್ರು ಬರೆದಿದ್ರು, ಉಗ್ಗು ಇರೋರು ಎಷ್ಟೋ ಸಲ ಬಾಯಿಗೆ ಕಷ್ಟ ಆಗೋ ಪದ ಬಿಟ್ಟು ಇನ್ನೊಂದು ಪದ ಹಾಕಿ ದಾಟ್ಕೊಂಡ್ಬಿಡ್ತಾರೆ, ಕೇಳೋರಿಗೆ ಗೊತ್ತೂ ಆಗಲ್ಲ ಅಂತ. ಆದ್ರೆ ಕೆಪಾಸಿಟರ್‌ಗೆ ಏನು ಹಾಕ್ತೀರ? ಸ್ವಂತ ಹೆಸರಿಗೆ ಏನು ಹಾಕ್ತೀರ? ಅವರೇ ಕೇಳಿದ್ರು ಇದನ್ನ, ತನ್ನ ಹೆಸರು ಹೇಳಬೇಕಲ್ಲ ಅಂತ ಇಂಟರ್‌ವ್ಯೂಗೆ ಹೋಗದೆ ಬಾಗಿಲಿಂದಲೇ ವಾಪಸ್ ಬಂದಿದ್ದನ್ನೂ ಬರೆದಿದ್ರು. ಅದನ್ನ ಓದಿದ ಮೇಲೆ ನನ್ನ ಹತ್ರ ಸಮಜಾಯಿಷಿ ಏನೂ ಉಳಿದಿಲ್ಲ.

ಈಗ ಎರಡನೇ ವಿಷಯ, ಜನ ನಿಜವಾಗ್ಲೂ ಸಿಟ್ಟಾಗಿದ್ದು ಇದಕ್ಕೇ ಅನ್ಸುತ್ತೆ. ಮೊದಲು ನಾಲ್ಕು ಜನ ಕೇಳಿದಾಗಲೇ ಸಾರಿ ಅಂದುಬಿಟ್ಟಿದ್ರೆ ಮುಗೀತಿತ್ತು, ನಾನು ಮಾಡಿದ್ದೇನು, "ಜೋಕ್ ಅಷ್ಟೇ ಗುರು, ಇಷ್ಟು ಸೆನ್ಸಿಟಿವ್ ಆದ್ರೆ ಹೆಂಗೆ" ಅಂದೆ, ಆಮೇಲೆ ದೊಡ್ಡ ಡಾಕ್ಟರ್ ಥರ "ನಿಧಾನಕ್ಕೆ ಉಸಿರು ಎಳ್ಕೊಂಡು ಮಾತಾಡ್ಲಿ, ಟೆನ್ಶನ್ ಬಿಟ್ರೆ ಸರಿ ಹೋಗುತ್ತೆ" ಅಂತ ಬೇರೆ ಉಪದೇಶ ಮಾಡಿದೆ, ಅದೂ ಸಾಲದು ಅಂತ "ಕಷ್ಟ ಆದ್ರೆ ಮಾತಾಡೋ ವಿಡಿಯೋನೇ ಯಾಕೆ ಮಾಡ್ಬೇಕು" ಅಂದೆ. ಈ ಮೂರನ್ನೂ ವಾಪಸ್ ತಗೋತೀನಿ. ಗಾಯ ಮಾಡಿ ಅದರ ಮೇಲೆ ಉಪ್ಪು ಸುರಿದ ಹಾಗಾಯ್ತು.

ಉಸಿರಿನ ಉಪದೇಶದ ಬಗ್ಗೆ ಸ್ವಲ್ಪ ಹೇಳ್ಬೇಕು, ಯಾಕಂದ್ರೆ ಅದನ್ನ ನಂಬಿ ಇನ್ಯಾರೋ ಮನೇಲಿ ಮಕ್ಕಳಿಗೆ ಹೇಳೋದು ಬೇಡ. ಉಗ್ಗು ಹೆದರಿಕೆಯಿಂದ ಹುಟ್ಟೋದಲ್ಲ. ಟೆನ್ಶನ್‌ನಲ್ಲಿ ಜಾಸ್ತಿ ಆಗಬಹುದು, ಆದ್ರೆ ಮೂಲ ಇರೋದು ಮಾತಿನ ಟೈಮಿಂಗ್‌ನ ಮೆದುಳು ನಡೆಸೋ ರೀತಿಯಲ್ಲಿ, ಎಷ್ಟೋ ಮನೆಗಳಲ್ಲಿ ವಂಶದಲ್ಲೇ ಬರುತ್ತೆ. ಹೇಳಬೇಕಾದ ಮಾತು ಅವರ ತಲೆಯಲ್ಲಿ ರೆಡಿ ಇರುತ್ತೆ, ಅದೇ ಮನುಷ್ಯ ಹಾಡುವಾಗ ಅಥವಾ ಎಲ್ಲರ ಜೊತೆ ಒಟ್ಟಿಗೆ ಓದುವಾಗ ಸಾಮಾನ್ಯವಾಗಿ ಸರಾಗವಾಗಿ ಹೇಳ್ತಾರೆ. ದೊಡ್ಡೋರಲ್ಲಿ ಹೆಚ್ಚುಕಮ್ಮಿ 100ಕ್ಕೆ ಒಬ್ಬರಿಗೆ ಇದೆ. ಚಿಕ್ಕ ಮಕ್ಕಳಲ್ಲಿ ಇನ್ನೂ ಜಾಸ್ತಿ, ಅವರಲ್ಲಿ ತುಂಬಾ ಜನಕ್ಕೆ ದೊಡ್ಡೋರಾಗ್ತಾ ಅದು ಹೊರಟೋಗುತ್ತೆ, ಕೆಲವರಿಗೆ ಉಳಿಯುತ್ತೆ. "ನಿಧಾನ, ಉಸಿರು ತಗೋ" ಅನ್ನೋದನ್ನ ಅವರು ಹುಟ್ಟಿದಾಗಿಂದ ಕೇಳಿರ್ತಾರೆ, ಇನ್ನೊಂದು ಸಲ ಅಂದ್ರೆ "ನೀನು ಹೇಳಿದ್ದನ್ನ ಬಿಟ್ಟೆ, ಹೆಂಗೆ ಹೇಳಿದೆ ಅಂತ ನೋಡ್ತಿದ್ದೆ" ಅಂದಂಗೆ ಆಗುತ್ತೆ. ನಾನು ಮಾಡಿದ್ದು ಅದನ್ನೇ ಅಲ್ವಾ.

ಇನ್ನು "ವಿಡಿಯೋ ಯಾಕೆ ಮಾಡ್ಬೇಕು" ಅಂದಿದ್ದಕ್ಕೆ ಒಬ್ರು ಒಂದೇ ಸಾಲಲ್ಲಿ ಉತ್ತರ ಕೊಟ್ಟಿದ್ರು, 1939ರಲ್ಲಿ ಯುದ್ಧ ಶುರುವಾದ ದಿನ ರೇಡಿಯೋದಲ್ಲಿ ಇಡೀ ದೇಶಕ್ಕೆ ಮಾತಾಡಿದ ಬ್ರಿಟನ್ನಿನ 6ನೇ ಜಾರ್ಜ್ ರಾಜನಿಗೂ ಉಗ್ಗಿತ್ತು, ಅವನಿಗೂ ಸುಮ್ನಿರು ಅಂತಿದ್ರಾ ಅಂತ. ಆಗ ಬಾಯಿ ಮುಚ್ಕೊಂಡೆ, ಉತ್ತರ ಕೊಟ್ಟಿರ್ಲಿಲ್ಲ. ಈಗ ಕೊಡ್ತೀನಿ: ನೀವು ಹೇಳಿದ್ದು ಸರಿ.

7 ವರ್ಷದ ಮಗನ ಬಗ್ಗೆ ಬರೆದ ಅಕ್ಕ, ನಿಮ್ಮ ಮಾತೇ ನನಗೆ ಜಾಸ್ತಿ ಚುಚ್ಚಿದ್ದು. ಫ್ಯಾನ್ ವಿಡಿಯೋ ಮಾಡೋ ಅಣ್ಣನಿಗೂ ನನ್ನ ಥರಾನೇ ಇದೆ ಅಂತ ಅವನು ಖುಷಿಯಿಂದ ನೋಡ್ತಿದ್ದ, ಕೆಳಗೆ ಬರೆದಿರೋದನ್ನೂ ಓದೋಕೆ ಕಲ್ತಿದಾನೆ ಅಂದ್ರಲ್ಲ. ಅವನು ನನ್ನದನ್ನ ಓದಿದ್ನೋ ಇಲ್ವೋ ನೀವು ಹೇಳಿಲ್ಲ, ಕೇಳೋ ಧೈರ್ಯ ನನಗೂ ಇಲ್ಲ. ಓದಿದ್ರೆ, ಹಂಗೆ ಬರೆದ ಅಂಕಲ್ ಎಲ್ಲರ ಮುಂದೆ ಸಾರಿ ಕೇಳಿದ್ರು ಅಂತ ಅವನಿಗೆ ಹೇಳಿ, ಇದನ್ನೇ ತೋರಿಸಿದ್ರೂ ಪರವಾಗಿಲ್ಲ.

ಒಂದು ಸ್ಪಷ್ಟನೆ ಮಾತ್ರ ಕೊಡ್ಲೇಬೇಕು, ಬೇಜಾರು ಮಾಡ್ಕೋಬೇಡಿ. ಓಡಾಡ್ತಿರೋ ಸ್ಕ್ರೀನ್‌ಶಾಟ್‌ನಲ್ಲಿ ನನ್ನದರ ಕೆಳಗೆ ಅವರ ಮನೆಯವರನ್ನ ಸೇರಿಸಿ ಕೆಟ್ಟದಾಗಿ ಬರೆದಿದ್ದು ಒಂದಿದೆ, ಅದು ನನ್ನದಲ್ಲ. ಆದ್ರೆ ನಾನು ಶುರು ಮಾಡದಿದ್ರೆ ಅದೂ ಬರ್ತಿರ್ಲಿಲ್ಲ, ಹಾಗಾಗಿ ಅದರ ಪಾಲು ನನಗೂ ಇದೆ ಅಂತಾನೇ ಅಂದ್ಕೋತೀನಿ, ಅದನ್ನ ತೆಗೆಸಿ ಅಂತ ರಿಪೋರ್ಟ್ ಮಾಡಿದೀನಿ.

ನನ್ನ ಪರವಾಗಿ ಬಂದ ಫ್ರೆಂಡ್ಸ್‌ಗೂ ಹೇಳ್ಬೇಕು, ದಯವಿಟ್ಟು ಬಿಟ್ಬಿಡಿ. "ಒಂದು ಜೋಕ್‌ಗೆ ಇಷ್ಟೊಂದಾ" ಅಂತ ನೀವು ಯಾರ್ಯಾರಿಗೋ ಬಯ್ತಾ ಹೋದ್ರೆ ಪಾಪ ಅವರಿಗೆ ಎರಡು ಸಲ ಅವಮಾನ ಆದಂಗಾಗುತ್ತೆ, ಮತ್ತೆ ನನ್ನ ಕ್ಷಮೆ ಬರೀ ನಾಟಕ ಆಗೋಗುತ್ತೆ. ನನಗೆ ಬಯ್ದೋರೆಲ್ಲ ಸುಮ್ನೆ ಬಯ್ದಿಲ್ಲ. ಒಂದಿಬ್ರು ನಮ್ಮಪ್ಪ ಅಮ್ಮನ ತನಕ ಹೋದ್ರು, ಅದು ಬೇಡಿತ್ತು, ಆದ್ರೆ ಅದನ್ನ ಹಿಡ್ಕೊಂಡು ಇವತ್ತು ನಾನು ಜಗಳಕ್ಕೆ ನಿಲ್ಲಲ್ಲ.

ಹಳೇ ಕಾಮೆಂಟ್‌ನ ಇಲ್ಲಿತನಕ ಯಾಕೆ ತೆಗೆದಿಲ್ಲ ಅಂತ ಕೇಳ್ತಿದ್ರು. ಮೊದಲೇ ತೆಗೆದ್ರೆ ಮುಚ್ಚಿ ಹಾಕ್ತಿದಾನೆ ಅಂತೀರೇನೋ ಅಂತ ಬಿಟ್ಟಿದ್ದೆ. ಆ ಅಕ್ಕ ಬರೆದಿದ್ದು ನೋಡಿದ ಮೇಲೆ, ಮಕ್ಕಳು ಓದ್ತಾರೆ ಅಂದಾಗ ಅದು ಅಲ್ಲಿ ಇರಬಾರದು ಅನ್ನಿಸ್ತು, ಇವತ್ತು ಬೆಳಿಗ್ಗೆ ಮೂಲ ಮಾತು, ಆಮೇಲಿನ ಉಪದೇಶ, ಎಲ್ಲ ತೆಗೆದಿದೀನಿ. ಏನು ಬರೆದಿದ್ದೆ ಅನ್ನೋದು ಮೇಲೆಯೇ ಇದೆ, ಮುಚ್ಚಿಟ್ಟಿಲ್ಲ. ನಿಮ್ಮ ಉತ್ತರಗಳನ್ನ ಮುಟ್ಟಿಲ್ಲ, ಅವು ಇರಲಿ.

ಬ್ರದರ್, ವಿಡಿಯೋ ಕೊನೇಲಿ ಮುಂದಿನ ಸಲ ರೆಗ್ಯುಲೇಟರ್ ಬಗ್ಗೆ ಮಾಡ್ಲಾ ಅಂತ ಕೇಳಿದ್ರಿ, ನನ್ನ ಗಲಾಟೆಯಲ್ಲಿ ಆ ಪ್ರಶ್ನೆಗೆ ಯಾರೂ ಉತ್ತರನೇ ಕೊಟ್ಟಿಲ್ಲ. ಮಾಡೋದು ಬಿಡೋದು ನಿಮಗೆ ಬಿಟ್ಟಿದ್ದು, ನನ್ನಿಂದಾಗಿ ನಿಲ್ಲಿಸ್ಬೇಡಿ ಅಂತ ಕೇಳ್ಕೋತೀನಿ ಅಷ್ಟೇ. ಇನ್ನೂ ಬಯ್ಯೋದು ಬಾಕಿ ಇರೋರು ಕೆಳಗೆ ಬರೀಬಹುದು, ಓದ್ತೀನಿ, ಎದುರು ವಾದ ಮಾಡಲ್ಲ.