ನೀವು ಕಳಿಸಿದ ಚೆಕ್ ಬೌನ್ಸ್ ನೋಟಿಸಿನ ವಿವರಣೆ

ಶಿರಸಿ, 5 ನವೆಂಬರ್ 2025

ಅಕ್ಕಾ, ನಮಸ್ಕಾರ.

ನೀವು ಅಪ್‌ಲೋಡ್ ಮಾಡಿದ ನೋಟಿಸಿನ ಮೂರೂ ಪುಟ ಓದಿದೆವು. ಎಲ್ಲಕ್ಕಿಂತ ಮೊದಲು ಎರಡು ಮಾತು. ಇದು ಕೋರ್ಟಿನಿಂದ ಬಂದ ಸಮನ್ಸ್ ಅಲ್ಲ, ವಖಾರಿಯವರ ವಕೀಲರು ಕಳಿಸಿದ ಪತ್ರ. ಇದನ್ನು ಹಿಡಿದುಕೊಂಡು ಯಾರೂ ಮನೆಗೆ ಬಂದು ಬಂಧಿಸುವುದಿಲ್ಲ. ಹಾಗಂತ ಕಪಾಟಿನಲ್ಲಿ ಇಟ್ಟು ಮರೆಯುವ ಕಾಗದವೂ ಅಲ್ಲ. ಗಡುವು ಆಗಲೇ ಓಡುತ್ತಿದೆ.

ನೋಟಿಸು ಹೇಳುವುದು ಇಷ್ಟು. 2022ರ ಆಗಸ್ಟ್ 18ರಂದು ಅಡಿಕೆ ಮುಂಗಡವೆಂದು ನಿಮ್ಮ ಯಜಮಾನರು 4,75,000 ರೂಪಾಯಿ ಪಡೆದರು. ಅದನ್ನು ತೀರಿಸಲು 6 ಅಕ್ಟೋಬರ್ 2025ರ ಚೆಕ್ ಕೊಟ್ಟರು. ವಖಾರಿಯವರು ಅದನ್ನು ಶಿರಸಿಯ ತಮ್ಮ ಬ್ಯಾಂಕಿಗೆ ಹಾಕಿದರು, 10ನೇ ತಾರೀಕು ವಾಪಸ್ ಬಂತು. ಈಗ ಚೆಕ್ಕಿನ ಮೊತ್ತ, ಅದರ ಮೇಲೆ ಶೇ. 24 ಬಡ್ಡಿ, ನೋಟಿಸಿನ ಖರ್ಚು 5,000 ರೂಪಾಯಿ ಎಲ್ಲವನ್ನೂ 7 ದಿನದೊಳಗೆ ಕೊಡಬೇಕು. ಕೊಡದಿದ್ದರೆ ನೆಗೋಷಿಯೇಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಂ ಪ್ರಕಾರ ದೂರು, ವಸೂಲಿಗೆ ಸಿವಿಲ್ ದಾವೆ, ಜೊತೆಗೆ ವಂಚನೆಯ ದೂರು ಹಾಕುತ್ತೇವೆ ಎಂದಿದ್ದಾರೆ. ಕೊನೆಯದನ್ನು ಇಂಥ ನೋಟಿಸುಗಳಲ್ಲಿ ರೂಢಿಯ ಮೇಲೆ ಸೇರಿಸುವುದೂ ಉಂಟು. ಇಲ್ಲಿ ಅದು ನಿಲ್ಲುತ್ತದೋ ಇಲ್ಲವೋ ವಕೀಲರು ನೋಡಬೇಕು.

138ನೇ ಕಲಂ ಎಂದರೆ ಸಾಲಕ್ಕಾಗಿ ಕೊಟ್ಟ ಚೆಕ್ ಬೌನ್ಸ್ ಆದರೆ ಹೂಡುವ ಕ್ರಿಮಿನಲ್ ಪ್ರಕರಣ. ಜಾಮೀನು ಸಿಗುವ ಅಪರಾಧ, ಯಾವ ಹಂತದಲ್ಲೂ ರಾಜಿಗೆ ಅವಕಾಶವಿದೆ. ಆರೋಪ ಸಾಬೀತಾದರೆ 2 ವರ್ಷದವರೆಗೆ ಜೈಲು, ಅಥವಾ ಚೆಕ್ಕಿನ ಮೊತ್ತದ ಎರಡು ಪಟ್ಟಿನವರೆಗೆ ದಂಡ, ಅಥವಾ ಎರಡೂ. ವಿಚಾರಣೆ ನಡೆಯುತ್ತಿರುವಾಗಲೇ ಮೊತ್ತದ ಶೇ. 20ರವರೆಗೆ ಮಧ್ಯಂತರ ಪರಿಹಾರ ಕೊಡಿ ಎಂದು ಕೋರ್ಟು ಹೇಳಬಹುದು.

ಇನ್ನು ತಾರೀಕು. ಬ್ಯಾಂಕಿನಿಂದ ಚೆಕ್ ವಾಪಸಾದ ಸುದ್ದಿ ಸಿಕ್ಕ 30 ದಿನದೊಳಗೆ ಅವರು ನೋಟಿಸು ಕೊಡಬೇಕು. ಸುದ್ದಿ 10ಕ್ಕೇ ಸಿಕ್ಕಿದೆ ಎಂದು ಹಿಡಿದರೂ 27 ಅಕ್ಟೋಬರ್‌ಗೆ ಕಳಿಸಿದ್ದಾರೆ, ಅಲ್ಲಿ ತಪ್ಪು ಸಿಗುವ ಹಾಗೆ ಕಾಣುವುದಿಲ್ಲ. ನಿಮ್ಮ ಕೈಗೆ ತಲುಪಿದ್ದು 31, ಶುಕ್ರವಾರ. ಹಣ ಕಟ್ಟಲು ಕಾನೂನು ಕೊಡುವುದು ತಲುಪಿದ ದಿನ ಬಿಟ್ಟು 15 ದಿನ. ಅಂದರೆ ನವೆಂಬರ್ 15, ಶನಿವಾರದವರೆಗೆ. ನೋಟಿಸಿನಲ್ಲಿ 7 ದಿನ ಎಂದು ಬರೆದ ಮಾತ್ರಕ್ಕೆ ಈ 15 ಕಡಿಮೆಯಾಗುವುದಿಲ್ಲ. ಅಷ್ಟರೊಳಗೆ ಚೆಕ್ಕಿನ ಪೂರ್ತಿ ಮೊತ್ತ ಸಂದಾಯವಾದರೆ 138ರ ದೂರಿಗೆ ಆಧಾರ ಉಳಿಯುವುದಿಲ್ಲ. ಬಡ್ಡಿಯ ಜಗಳ ಬೇರೆ, ಅದು ಸಿವಿಲ್ ಬಾಬತ್ತು. ಸ್ವಲ್ಪ ಕೊಟ್ಟು ಉಳಿದದ್ದು ಆಮೇಲೆ ಎಂದರೆ ಈ ರಕ್ಷಣೆ ಸಿಗುವುದಿಲ್ಲ. 15ರೊಳಗೆ ಸಂದಾಯವಾಗದಿದ್ದರೆ ನವೆಂಬರ್ 16ಕ್ಕೆ ದೂರಿನ ಹಕ್ಕು ಹುಟ್ಟುತ್ತದೆ, ಅಲ್ಲಿಂದ ಒಂದು ತಿಂಗಳು, ನಮ್ಮ ಲೆಕ್ಕಕ್ಕೆ ಡಿಸೆಂಬರ್ 16ರವರೆಗೆ, ಅವರು ದೂರು ಹಾಕಬಹುದು. ತಡವಾದರೂ ಸಾಕಷ್ಟು ಕಾರಣ ತೋರಿಸಿದರೆ ಕೋರ್ಟು ಒಪ್ಪಬಹುದಾದ್ದರಿಂದ, ಡಿಸೆಂಬರ್ 17ಕ್ಕೆ ಗೆದ್ದೆವು ಎಂದುಕೊಳ್ಳಬೇಡಿ.

ಉತ್ತರ ಕೊಡಲು ಕಾನೂನಿನಲ್ಲಿ ಬೇರೆ ಗಡುವು ಇಲ್ಲ. ಆದರೂ 15ರೊಳಗೆ ಹೋಗುವುದೇ ಸರಿ. ಉತ್ತರವೇ ಕೊಡದಿದ್ದರೆ ಕೇಸು ಸೋತ ಹಾಗಲ್ಲ, ಆದರೆ ‘ಅಷ್ಟೆಲ್ಲ ತಕರಾರಿದ್ದರೆ ಆಗಲೇ ಯಾಕೆ ಹೇಳಲಿಲ್ಲ’ ಎಂಬ ಪ್ರಶ್ನೆ ಪಾಟೀಸವಾಲಿನಲ್ಲಿ ಬಂದೇ ಬರುತ್ತದೆ. ನವೆಂಬರ್ 8 ಎರಡನೇ ಶನಿವಾರ, 9 ಭಾನುವಾರ. ಹಾಗಾಗಿ ವಕೀಲರನ್ನು 7ರೊಳಗೆ ಕಾಣಿ.

ನೀವು ಕೊನೆಯಲ್ಲಿ ‘ಉತ್ತರ ನೀವೇ ಬರೆದುಕೊಡಿ, ಸಹಿ ಹಾಕಿ ಕಳಿಸ್ತೇವೆ’ ಎಂದು ಬರೆದಿದ್ದೀರಿ. ನಾವು ಅರೆ ಕಾನೂನು ಸ್ವಯಂಸೇವಕರು, ವಕೀಲರಲ್ಲ. ಅದಷ್ಟೇ ಕಾರಣವಲ್ಲ. ಈ ಉತ್ತರದ ಒಂದೊಂದು ಸಾಲೂ ನಾಳೆ ಕೋರ್ಟಿನಲ್ಲಿ ದಾಖಲೆಯಾಗುತ್ತದೆ. ನೀವು ಟಿಪ್ಪಣಿಯಲ್ಲಿ ಬರೆದ ಮಾತುಗಳನ್ನೇ ತೆಗೆದುಕೊಳ್ಳಿ.

‘ಎರಡು ಲಕ್ಷದ ಅಡಿಕೆ ಹಾಕಿ ಆಗಿದೆ, ಇನ್ನು 2,75,000 ಮಾತ್ರ ಬಾಕಿ.’ ಇದು ನಿಮ್ಮನ್ನು ಉಳಿಸುವ ಮಾತೂ ಹೌದು, ಸಿಕ್ಕಿಸುವ ಮಾತೂ ಹೌದು. ಚೆಕ್ ಕೊಟ್ಟ ಮೇಲೆ, ಬ್ಯಾಂಕಿಗೆ ಹಾಕುವ ಮೊದಲು ಸಾಲದ ಒಂದು ಭಾಗ ತೀರಿದ್ದು, ಅದನ್ನು ಚೆಕ್ಕಿನ ಮೇಲೆ ಗುರುತಿಸದೆ ಪೂರ್ತಿ ಮೊತ್ತಕ್ಕೆ ಹಾಕಿದರೆ 138 ಅನ್ವಯಿಸುವುದಿಲ್ಲ ಎಂದು ಸುಪ್ರೀಂ ಕೋರ್ಟು 2022ರಲ್ಲಿ ಹೇಳಿದೆ. ಆದರೆ ಅದೇ ವಾಕ್ಯ 2,75,000 ಬಾಕಿಯನ್ನು ಬರಹದಲ್ಲಿ ಒಪ್ಪಿಕೊಂಡಂತೆ. ಮುಂಗಡ ಕೊಟ್ಟು 3 ವರ್ಷ ಕಳೆದಿದೆ, ಹಾಗಾಗಿ ಸಾಲಕ್ಕೆ ಅವಧಿ ಮೀರಿದೆಯೇ ಎಂಬ ಪ್ರಶ್ನೆ ಇಲ್ಲಿದೆ. 2023ರ ಡಿಸೆಂಬರ್ ಮತ್ತು 2024ರ ಫೆಬ್ರವರಿಯಲ್ಲಿ ಹಾಕಿದ ಅಡಿಕೆಯ ಜಮೆಗೆ ಯಜಮಾನರ ಬರಹವೋ ಸಹಿಯೋ ಇದ್ದರೆ ಅವಧಿ ಹೊಸದಾಗಿ ಶುರುವಾಗಬಹುದು. ಇದನ್ನು ತೂಗಿ ನೋಡದೆ ಬಾಕಿ ಒಪ್ಪಬಾರದು, ನಿರಾಕರಿಸಲೂಬಾರದು.

‘ಚೆಕ್ ಖಾಲಿ ಇತ್ತು, ಭದ್ರತೆಗೆ ಸಹಿ ಮಾಡಿ ಕೊಟ್ಟಿದ್ದು.’ ಊರಲ್ಲಿ ಎಲ್ಲರೂ ಇದನ್ನೇ ದೊಡ್ಡ ಅಸ್ತ್ರ ಎಂದುಕೊಳ್ಳುತ್ತಾರೆ. ಅಷ್ಟೇನೂ ಅಲ್ಲ. ಸಹಿ ನಮ್ಮದೆಂದು ಒಪ್ಪಿದ ಕೂಡಲೇ, ಚೆಕ್ ಸಾಲಕ್ಕೇ ಕೊಟ್ಟದ್ದು ಎಂದು ಕೋರ್ಟು ಭಾವಿಸಿಕೊಂಡು ಹೊರಡುತ್ತದೆ. ಅಲ್ಲ ಎಂದು ತೋರಿಸುವ ಹೊರೆ ನಿಮ್ಮ ಮೇಲೆ. ಇನ್ನು ನಿಮ್ಮ ಭಾವ ಹೇಳಿಕೊಟ್ಟ ‘ಚೆಕ್ ಬುಕ್ ಕಳೆದುಹೋಗಿತ್ತು’ ಎಂಬುದನ್ನಂತೂ ಬರೆಯಲೇಬೇಡಿ. ಭದ್ರತೆಗೆ ಕೊಟ್ಟದ್ದು, ಕಳೆದದ್ದು ಎರಡೂ ಒಟ್ಟಿಗೆ ನಿಜವಾಗಲು ಸಾಧ್ಯವಿಲ್ಲ, ಮೇಲಾಗಿ ಅದು ಸುಳ್ಳು.

ನೋಟಿಸು ನಿಮ್ಮಿಬ್ಬರ ಹೆಸರಿಗೂ ಬಂದಿದೆ. ಖಾತೆ ಜಂಟಿ, ಆದರೆ ಚೆಕ್ಕಿನಲ್ಲಿ ಯಜಮಾನರ ಸಹಿ ಮಾತ್ರ. ಜಂಟಿ ಖಾತೆಯಾದರೂ ಸಹಿ ಮಾಡದವರ ಮೇಲೆ 138 ನಡೆಯುವುದಿಲ್ಲ. ಹೀಗಿರುವಾಗ ‘ನಾವಿಬ್ಬರೂ ಸೇರಿ ಕೊಟ್ಟ ಚೆಕ್’ ಎಂದು ನಿಮ್ಮ ಹೆಸರಲ್ಲಿ ಉತ್ತರ ಹೋದರೆ ಇಲ್ಲದ ತೊಡಕು ಎಳೆದುಕೊಂಡ ಹಾಗೆ. ಇಬ್ಬರಿಗೂ ಒಂದೇ ಉತ್ತರವೋ ಬೇರೆ ಬೇರೆಯೋ, ವಕೀಲರೇ ಹೇಳಲಿ. 6ನೇ ಪ್ಯಾರಾದಲ್ಲಿ ಚೆಕ್ಕಿನ ಮೊತ್ತ, ಬಡ್ಡಿ, ಖರ್ಚು ಬಿಡಿಬಿಡಿಯಾಗಿ ಬರೆದಿದ್ದಾರೆ. ಎಲ್ಲ ಸೇರಿಸಿ ಒಂದೇ ಮೊತ್ತ ಕೇಳಿದ್ದರೆ ನೋಟಿಸೇ ದೋಷದ್ದು ಎನ್ನಲು ದಾರಿ ಇರುತ್ತಿತ್ತು, ಇಲ್ಲಿ ಅದು ಕಷ್ಟ.

ಎರಡನೇ ಪುಟದ ಫೋಟೊದಲ್ಲಿ ಬ್ಯಾಂಕು ಕೊಟ್ಟ ಕಾರಣ ಇರುವ ಸಾಲಿನ ಮೇಲೆಯೇ ಹೆಬ್ಬೆರಳು ಬಂದಿದೆ. ಹಣ ಸಾಲದು ಎಂದಿದೆಯೋ, ಪಾವತಿ ತಡೆಯಲಾಗಿದೆ ಎಂದಿದೆಯೋ, ಸಹಿ ಹೊಂದುವುದಿಲ್ಲ ಎಂದಿದೆಯೋ ನೋಡಿಕೊಂಡು ಹೋಗಿ. ಲಕೋಟೆ ಎಸೆಯಬೇಡಿ, ತಲುಪಿದ ದಿನಕ್ಕೆ ಅದೇ ಆಧಾರ. ಅಡಿಕೆ ಹಾಕಿದ ತೂಕದ ಚೀಟಿ, ವಖಾರಿಯ ಲೆಕ್ಕದ ಪಟ್ಟಿ, ಪಾಸ್‌ಬುಕ್ಕು, ಚೆಕ್ ಬುಕ್ಕಿನ ಉಳಿದ ಭಾಗ (ಆಚೀಚೆ ನಂಬರಿನ ಚೆಕ್ ಯಾವ ವರ್ಷ ಬಳಸಿದ್ದು ಎಂಬುದರಿಂದ ಇದನ್ನು ಕೊಟ್ಟ ಕಾಲ ತಿಳಿಯಬಹುದು), ವಾಟ್ಸಾಪ್ ಮಾತುಕತೆ ಎಲ್ಲ ಒಯ್ಯಿರಿ. ಮೆಸೇಜು ಅಳಿಸಬೇಡಿ. ವಖಾರಿಗೆ ಫೋನ್ ಮಾಡಿ ‘ಸ್ವಲ್ಪ ದಿನ ಕೊಡಿ’ ಎನ್ನಬೇಡಿ, ರೆಕಾರ್ಡ್ ಆಗುತ್ತಿರಬಹುದು. ರಾಜಿಯೇ ಆಗುವುದಾದರೆ ಹಣ ಬ್ಯಾಂಕ್ ಮೂಲಕವೇ ಹೋಗಲಿ, ಮೂಲ ಚೆಕ್ ಕೈಗೆ ಬರಲಿ, ಬರಹದಲ್ಲಿ ಆಗಲಿ.

ವಕೀಲರ ಫೀಸಿನ ಚಿಂತೆಯಿದ್ದರೆ ಶಿರಸಿ ಕೋರ್ಟಿನ ಆವರಣದಲ್ಲಿರುವ ತಾಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಿ, ಇಲ್ಲವೇ 15100ಕ್ಕೆ ಫೋನ್ ಮಾಡಿ. ಹೆಂಗಸರಿಗೆ ಆದಾಯ ಎಷ್ಟಿದ್ದರೂ ಉಚಿತ ನೆರವಿದೆ. ಯಜಮಾನರಿಗೆ ಸಿಗುತ್ತದೆಯೇ ಎಂಬುದು ಆದಾಯ ಮತ್ತಿತರ ಅರ್ಹತೆಯ ಮೇಲೆ ನಿಂತಿದೆ, ಅವರ ಆದಾಯ ಪ್ರಮಾಣಪತ್ರ ಇಟ್ಟುಕೊಂಡು ಹೋಗಿ. ಅಪ್‌ಲೋಡ್ ಮಾಡಿದ ಪ್ರತಿ ನಮ್ಮಲ್ಲಿದೆ, ಆದರೆ ವಕೀಲರಿಗೆ ಮೂಲ ನೋಟಿಸನ್ನೇ ತೋರಿಸಿ.